ಬಾಡಿಗೆ ಮಾತ್ರ ಅಲ್ಲ, ಅಡ್ವಾನ್ಸ್ ಕೂಡ ಲೆಕ್ಕ ಹಾಕಿ

"ಮೈಸೂರಲ್ಲಿ ತಿಂಗಳ ಸಂಬಳ ಕೈಗೆ 45,000, ಬೆಂಗಳೂರಲ್ಲಿ 60,000. ಹೋಗಲಾ ಬೇಡ್ವಾ?" ಅಂತ ಕೇಳ್ತೀರಾ?

ನಾನೂ ಇದೇ ಮೊತ್ತಕ್ಕೆ ಬೆಂಗಳೂರಿಗೆ ಬಂದವನು. ನನ್ನ ಲೆಕ್ಕ ಹೇಳ್ತೀನಿ. ಮೈಸೂರಲ್ಲಿ ಬಾಡಿಗೆ 9,000, ಸ್ಕೂಟರ್ ಪೆಟ್ರೋಲ್ 1,200, ಊಟ ಮತ್ತು ಉಳಿದದ್ದು 11,000. ಕೈಯಲ್ಲಿ 23,800 ಉಳಿಯುತ್ತಿತ್ತು. ಇಲ್ಲಿ ಬಾಡಿಗೆ 20,000. ಮೇಂಟೆನೆನ್ಸ್, ಟ್ಯಾಂಕರ್ ನೀರು ಸೇರಿ ಇನ್ನೊಂದು 3,000. ಓಡಾಟಕ್ಕೆ 3,500, ಉಳಿದ ಖರ್ಚು 14,000. ಉಳಿಯೋದು 19,500 ಅಷ್ಟೇ. ಅಂದರೆ ಮೊದಲಿನಷ್ಟೇ ಉಳಿಸಬೇಕಾದರೆ ಕೈಗೆ 64,300 ಬರಬೇಕಿತ್ತು.

ಅಡ್ವಾನ್ಸ್ ವಿಷಯ ಯಾರೂ ಹೇಳಲ್ಲ. ಐದು ತಿಂಗಳದ್ದು, 1 ಲಕ್ಷ ಕೊಟ್ಟೆ. ಆ ದುಡ್ಡಿಗೆ ಬಡ್ಡಿ ಇಲ್ಲ. ಹನ್ನೊಂದು ತಿಂಗಳಿಗೆ ಮನೆ ಬಿಟ್ಟಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಗೋಡೆ ಮೇಲೆ ಒಂದು ಮೊಳೆ ಗುರುತು ಬಿಟ್ಟರೆ ಏನೂ ಇರಲಿಲ್ಲ. ಆ 20,000 ಹಂಚಿದರೆ ತಿಂಗಳಿಗೆ 1,800 ಜಾಸ್ತಿ ಬಾಡಿಗೆ ಕೊಟ್ಟ ಹಾಗಾಯಿತು, ಅಲ್ವಾ? ಕರಾರು ಪತ್ರದಲ್ಲಿ ಈ ಸಾಲು ಇದೆಯಾ ಅಂತ ಸಹಿಗೆ ಮೊದಲೇ ನೋಡಿ.

ಆದರೆ ನೀವು ಒಬ್ಬರೇ ಇದ್ದು, ಸ್ನೇಹಿತರ ಜೊತೆ ಮನೆ ಹಂಚಿಕೊಂಡರೆ ಲೆಕ್ಕ ತಿರುಗುತ್ತದೆ. ಬಾಡಿಗೆ, ಮೇಂಟೆನೆನ್ಸ್, ನೀರು ಸೇರಿದ 23,000 ಅರ್ಧವಾದರೆ 31,000 ಉಳಿಯುತ್ತದೆ. ಆಗ ಬೆಂಗಳೂರೇ ಲಾಭ. ಸಂಸಾರ ಜೊತೆಗಿದ್ದರೆ 60,000ಕ್ಕೆ ಒಪ್ಪಬೇಡಿ, 68,000 ಆದರೂ ಕೇಳಿ. ಅದೂ ಸಿಟಿಸಿ ಅಲ್ಲ, ಪಿಎಫ್ ಕಳೆದು ಬ್ಯಾಂಕಿಗೆ ಬೀಳುವ ಮೊತ್ತ.