ಸೋಡಚೀಟಿ ಹಿಡ್ಕೊಂಡು ಕೌಂಟರ್ ಮುಂದೆ ನಿಂತಾಕಿ

ಮೊನ್ನೆ ರಾಯಚೂರಿನ ಒಂದು ಕಚೇರಿಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಮೂವತ್ತರ ಆಸುಪಾಸಿನ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನೊಳಗಿಂದ ಮಡಿಕೆ ಮಡಿಕೆಗೂ ಹರಿದಿದ್ದ ಬಾಂಡ್ ಪೇಪರ್ ತೆಗೆದು ಕೊಟ್ಟಳು. ಗಂಡ ಹೆಂಡತಿ ಬೇರೆಯಾದರು ಅಂತ ಊರ ಹಿರಿಯರು ಬರೆಸಿಕೊಟ್ಟ ಸೋಡಚೀಟಿ ಅದು. ಒಳಗಿದ್ದವ ಹಿಂದೆಮುಂದೆ ತಿರುವಿ ನೋಡಿ, ಸಾಲಿನಲ್ಲಿದ್ದ ಅಷ್ಟೂ ಮಂದಿಗೆ ಕೇಳುವಂಗ, "ಇದು ನಡಿಯಂಗಿಲ್ಲವಾ. ಕಾಯ್ದೆ ಪ್ರಕಾರ ನೀ ಇನ್ನೂ ಅವನ ಹೆಂಡ್ತೀನ. ಗಂಡನ್ನ ಕರಕೊಂಡ್ ಬಾ" ಅಂದ. ಹಿಂದೆ ನಿಂತಿದ್ದ ಒಬ್ಬ ಕಿಸಕ್ಕನೆ ನಕ್ಕ.

ಆ ಕಾಗದ ನಡೆಯೋದಿಲ್ಲ ಅನ್ನೋದೇನೋ ನಿಜ. ಆದರೆ ಅದನ್ನ ಬರೆಸಿಕೊಟ್ಟ ಹಿರಿಯರಿಗೆ ಯಾರೂ ಯಾಕೆ ಏನೂ ಕೇಳೋದಿಲ್ಲ? ನನ್ನ ಸಿಟ್ಟು ಅಲ್ಲಿದೆ.

ನಮ್ಮ ಕಡೆ ಸೋಡಚೀಟಿ ಹೇಗಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಗುಡಿ ಕಟ್ಟೆ ಮೇಲೆ ಎರಡೂ ಕಡೆಯವರು ಕೂಡ್ತಾರೆ. ಇಷ್ಟು ರೊಕ್ಕ, ಇಷ್ಟು ಬಂಗಾರ ಅಂತ ಮಾತಾಗುತ್ತೆ. ಯಾರೋ ಓಡಿಹೋಗಿ ಬಾಂಡ್ ತರ್ತಾರೆ. ಇಬ್ಬರ ಸಹಿ, ನಾಲ್ಕೈದು ಹಿರಿಯರ ಸಹಿ, ಮೇಲೊಂದು ನೋಟರಿ ಸೀಲು. ಆ ಸೀಲು ಕಂಡರೆ ಸಾಕು, ಕೋರ್ಟಿನಿಂದಲೇ ಬಂದಂಗೆ ಎಲ್ಲರಿಗೂ ಸಮಾಧಾನ. ನೋಟರಿಗೆ ಮದುವೆ ಮುರಿಯುವ ಅಧಿಕಾರವೇ ಇಲ್ಲ. ಸಹಿ ಮಾಡಿದವರು ಇವರೇ ಅಂತ ಆ ಸೀಲು ಹೇಳುತ್ತೆ, ಅದಕ್ಕಿಂತ ಹೆಚ್ಚೇನಿಲ್ಲ.

"ರೂಢಿ ವಿಚ್ಛೇದನಕ್ಕೆ ಕಾಯ್ದೆದಾಗ ಜಾಗ ಐತಲ್ರೀ" ಅನ್ನುವ ವಕೀಲಬುದ್ಧಿಯವರು ಕಾಮೆಂಟಿಗೆ ಬರ್ತಾರೆ, ಗೊತ್ತು. ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಅದನ್ನ ಉಳಿಸಿದೆ. ಆದರೆ ಅಂಥ ರೂಢಿ ನಮ್ಮ ಸಮುದಾಯದಲ್ಲಿ ಹಿಂದಿನಿಂದ ಬಿಡದೆ ನಡೆದು ಬಂದಿದೆ ಅಂತ ಸಾಬೀತು ಮಾಡೋ ಹೊರೆ ಇರೋದು ರೂಢಿ ಇದೆ ಅನ್ನುವವರ ಮೇಲೆ, ಅದೂ ಕೋರ್ಟಿನಲ್ಲಿ. ಕೌಂಟರಿನ ಗುಮಾಸ್ತನ ಮುಂದೆ ನಿಂತು ಅದನ್ನ ಸಾಬೀತು ಮಾಡಿ ತೋರಿಸಿ ನೋಡೋಣ!

ಇನ್ನು ಚೀಟಿಯೊಳಗಿನ ಬರಹ. "ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಅನ್ನೋ ಸಾಲು ಹೆಣ್ಣಿನ ಹೆಸರಲ್ಲಿ ತಪ್ಪದೆ ಇರುತ್ತೆ. ಗಂಡಸು ಮರುವರ್ಷವೇ ಇನ್ನೊಂದು ಮದುವೆಯಾಗಿ ಊಟ ಹಾಕಿಸ್ತಾನೆ. ಅವನನ್ನ ಯಾರೂ "ಹೆಂಡ್ತಿ ಬಿಟ್ಟಾಂವ" ಅನ್ನೋದಿಲ್ಲ, "ಪಾಪ" ಅಂತಾರೆ. ಇವಳು ಮಾತ್ರ ಸಾಯುವ ತನಕ "ಗಂಡ ಬಿಟ್ಟಾಕಿ". ಅವನು ಇವಳನ್ನ ಬಿಟ್ಟನೋ, ಇವಳು ಅವನನ್ನ ಬಿಟ್ಟಳೋ, ಆ ಮಾತಿನಲ್ಲಿ ಎರಡೂ ಒಂದೇ. ತಪ್ಪು ಮಾತ್ರ ಇವಳದ್ದು.

ಆ ಹೆಣ್ಣುಮಗಳ ಹಾಗೆ ನಾಲ್ಕು ವರ್ಷದ ಹಿಂದಿನ ಚೀಟಿ ಇಟ್ಕೊಂಡವರು ಈಗ ಏನು ಮಾಡಬೇಕು? ಮೊದಲನೇದಾಗಿ, ಅದನ್ನ ಹರಿದು ಒಗೀಬೇಡಿ. ವಿಚ್ಛೇದನ ಅಂತ ನಡೆಯದಿದ್ದರೂ, ಇಂಥ ದಿನದಿಂದ ಇಬ್ಬರೂ ಬೇರೆ ಇದ್ದೇವೆ ಅನ್ನೋದಕ್ಕೆ ಅದು ಒಳ್ಳೆ ಪುರಾವೆ. ಇಬ್ಬರೂ ಒಪ್ಪಿ ಪಡೆಯುವ ವಿಚ್ಛೇದನಕ್ಕೆ, ಅಂದರೆ ಅದೇ ಕಾಯ್ದೆಯ 13ಬಿ ಕಲಮಿಗೆ, ಕಡಿಮೆಯೆಂದರೂ ಒಂದು ವರ್ಷ ಬೇರೆ ಇದ್ದಿರಬೇಕು. ಅದು ಚೀಟಿಯ ತಾರೀಖಿನಲ್ಲೇ ಸಿಕ್ಕಿತು. ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಟ್ಟು ಮತ್ತೆ ಇಬ್ಬರೂ ಬಂದು ಹೇಳಬೇಕು. ಬಹಳ ದಿನದಿಂದ ಬೇರೆ ಇದ್ದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಮುಗಿದಿದ್ದರೆ ಆ ಆರು ತಿಂಗಳನ್ನ ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರೊಕ್ಕ, ಮಗು ಎರಡರ ಷರತ್ತೂ ಈ ಅರ್ಜಿಯಲ್ಲೇ ಬರಲಿ, ಕಟ್ಟೆ ಮೇಲಿನ ಬಾಯಿಮಾತಿಗೆ ಬಿಡಬೇಡಿ.

ಅವನು ಬರೋದಿಲ್ಲ ಅಂದರೆ? ಬಹಳ ಸಲ ಆಗೋದೇ ಇದು. ಇನ್ನೊಂದು ಮದುವೆ ಆಗಿರುತ್ತಲ್ಲ, ಕೋರ್ಟಿಗೆ ಬಂದರೆ ಮೈಮೇಲೆ ಬರುತ್ತೆ ಅನ್ನೋ ಭಯ. ಆಗ ಇವಳೊಬ್ಬಳೇ 13ನೇ ಕಲಮಿನಡಿ ಅರ್ಜಿ ಹಾಕಬಹುದು. ಎರಡು ವರ್ಷ ಬಿಟ್ಟುಹೋಗಿದ್ದರೆ ಅದೇ ಒಂದು ಕಾರಣ. ಅವನ ಊರಿಗೂ ಹೋಗಬೇಕಿಲ್ಲ. ಹೆಂಡತಿ ತಾನು ಈಗ ಇರುವ ಕಡೆಯ ಕೋರ್ಟಿನಲ್ಲೇ ಹಾಕಬಹುದು ಅಂತ 19ನೇ ಕಲಮಿನಲ್ಲಿದೆ. ನೋಟಿಸ್ ಮುಟ್ಟಿಯೂ ಅವನು ಬರದಿದ್ದರೆ ಏಕಪಕ್ಷೀಯವಾಗಿ ತೀರ್ಪಾಗುತ್ತೆ. ಇಲ್ಲೇ ಒಂದು ಗುಂಡಿ ಇದೆ. ಬೇಗ ಮುಗೀಲಿ ಅಂತ ಹಳೇ ವಿಳಾಸ ಕೊಟ್ಟರೆ, ನಾಳೆ ಅವನು "ನನಗ ನೋಟಿಸೇ ಬಂದಿಲ್ಲ" ಅಂತ ಬಂದು ಆ ಡಿಕ್ರಿಯನ್ನೇ, ಅಂದರೆ ಮದುವೆ ಮುರಿದಿದೆ ಅನ್ನೋ ಕೋರ್ಟಿನ ಆದೇಶವನ್ನೇ, ರದ್ದು ಮಾಡಿಸಬಹುದು. ಅವನು ಈಗ ಎಲ್ಲಿದ್ದಾನೋ ಅಲ್ಲಿನ ವಿಳಾಸವೇ ಬೇಕು.

ವಕೀಲರ ಫೀಜಿಗೆ ಹೆದರಿ ಕೂತವರಿಗೆ ಹೇಳಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಅದಕ್ಕೆ ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತೆ. ಫೋನ್ ಮಾಡೋದಾದರೆ 15100. (ಮುಸ್ಲಿಂ ಅಕ್ಕತಂಗಿಯರ ಕಾಯ್ದೆ ಬೇರೆ, ಅದನ್ನ ಇನ್ನೊಮ್ಮೆ ಬರೀತೀನಿ.)

ತೀರ್ಪು ಬಂದ ಮೇಲೆ ಜೆರಾಕ್ಸ್ ಹಿಡ್ಕೊಂಡು ಮನೆಗೆ ಬಂದುಬಿಡ್ತಾರೆ. ತೀರ್ಪು ಬೇರೆ, ಡಿಕ್ರಿ ಬೇರೆ, ಎರಡಕ್ಕೂ ಕಾಪಿ ಅರ್ಜಿ ಹಾಕಿ ಸೀಲಿನ ನಕಲು ಮೂರು ಮೂರು ತಗೊಳ್ಳಿ. ಅರ್ಜಿ ಹಾಕುವ ದಿನವೇ ಹೆಸರಿನ ಅಕ್ಷರ ಆಧಾರಿನಂತೆಯೇ ಇದೆಯಾ ನೋಡಿ. ಆಧಾರಿನಲ್ಲಿ ಲಕ್ಷ್ಮಿ, ಡಿಕ್ರಿಯಲ್ಲಿ ಲಕ್ಷ್ಮವ್ವ ಅಂತಾದರೆ ಮತ್ತೆ ಅದೇ ಕೌಂಟರು, ಅದೇ ನಗೆ.

"ಡಿಕ್ರಿ ಇದ್ದರ ಊರ ಬಾಯಿ ಮುಚ್ಚತೈತೇನು?" ಅಂತ ಕೇಳ್ತೀರಿ. ನಾನೂ ಒಂದು ಕಾಲಕ್ಕೆ ಹಾಗೇ ಅಂತಿದ್ದೆ, ಒಪ್ಕೋತೀನಿ. ಊರ ಬಾಯಿ ಮುಚ್ಚೋದಿಲ್ಲ. ಆದರೆ ರೇಷನ್ ಕಾರ್ಡ್ ನೋಡಿ. ಇವಳ ಹೆಸರು ಇನ್ನೂ ಗಂಡನ ಮನೆ ಕಾರ್ಡಿನಲ್ಲೇ ಇರುತ್ತೆ, ಅಕ್ಕಿ ಅಲ್ಲಿಗೇ ಹೋಗುತ್ತೆ. ಇಲ್ಲಿ ಹೊಸದಕ್ಕೆ ಅರ್ಜಿ ಹಾಕಿದರೆ ಈ ಆಧಾರ್ ಆಗಲೇ ಬೇರೆ ಕಾರ್ಡಿನಲ್ಲಿದೆ ಅಂತ ಬರುತ್ತೆ. ಹೆಸರು ತೆಗೆಸೋಕೆ ಅತ್ತೆಯ ಕಾಲು ಹಿಡೀಬೇಕು. ಡಿಕ್ರಿ ಇದ್ದರೆ ಅದರ ನಕಲು ಲಗತ್ತಿಸಿ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಇಸ್ಕೊಂಡು ಬರಬಹುದು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಣ್ಣೇ ಕಾರ್ಡಿನ ಯಜಮಾನಿ. ತವರಿನ ಕಾರ್ಡಿಗೆ ಸೇರಿದರೆ ಯಜಮಾನಿ ಅವ್ವ. ತಾನು, ಮಗಳು ಇಬ್ಬರದೇ ಕಾರ್ಡಾದರೆ ಯಜಮಾನಿ ಇವಳೇ, ಗೃಹಲಕ್ಷ್ಮಿಯ 2,000 ಕೂಡ ಯಜಮಾನಿಯ ಹೆಸರಿಗೇ. ಅಣ್ಣನ ಮನೆಯಲ್ಲಿ ಕೂತು ಉಣ್ಣುವಾಕಿ ಅಂತ ಅತ್ತಿಗೆ ಅನ್ನೋ ಮಾತಿನ ತೂಕ ಅಲ್ಲಿ ಇಳಿಯುತ್ತೆ.

ಇನ್ನು ಬಾಡಿಗೆ ಮನೆ. ಇಲ್ಲಿ ಮದುವೆಯೇ ಬೇಡ ಅಂದವರೂ ಇವಳ ಜೊತೆಗೇ ಒಂದೇ ಸಾಲಿನಲ್ಲಿ ನಿಲ್ತಾರೆ. "ಬ್ಯಾಚುಲರ್ ಹುಡುಗರಿಗೂ ಮನೆ ಕೊಡಂಗಿಲ್ಲಲ್ಲ" ಅನ್ನೋದು ಮಾಲೀಕರ ಸಮರ್ಥನೆ. ಹುಡುಗರಿಗೆ ಕೇಳೋದು ಕುಡೀತೀರಾ, ಗದ್ದಲ ಮಾಡ್ತೀರಾ ಅಂತ. ಹೆಣ್ಣಿಗೆ ಕೇಳೋದು ಯಾರು ಬರ್ತಾರೆ ಅಂತ. ಎರಡೂ ಒಂದೇ ಏನ್ರೀ? ಹನ್ನೊಂದು ತಿಂಗಳ ಕರಾರು ಬರೆಯುವಾಗ ಹೆಸರಿನ ಬಗಲಿಗೆ "ಗಂಡ" ಅಂತ ಟೈಪ್ ಮಾಡೋಕೆ ಹೊರಟರೆ ತಡೆದು "ತಂದೆ" ಅಂತ ಹಾಕಿಸಿ. ಕರಾರು ನಿಮ್ಮ ಹೆಸರಿಗೇ ಇರಲಿ, ಅಣ್ಣ ಬೇಕಾದರೆ ಸಾಕ್ಷಿ ಹಾಕಲಿ. ಅಡ್ವಾನ್ಸು, ಬಾಡಿಗೆ ಎರಡನ್ನೂ ಬ್ಯಾಂಕ್ ಖಾತೆಯಿಂದಲೇ ಕಳಿಸಿ, ಬಿಡುವ ದಿನ ಲೆಕ್ಕಕ್ಕೆ ಬರುತ್ತೆ. "ರಾತ್ರಿ 8ರ ಮೇಲೆ ಗಂಡಸರು ಬರತಕ್ಕದ್ದಲ್ಲ" ಅನ್ನೋ ಷರತ್ತು ಕಂಡರೆ ಸಹಿಗೆ ಮುಂಚೆಯೇ ಹೊಡೆದುಹಾಕಿಸಿ, ಬಗಲಲ್ಲಿ ಇಬ್ಬರದೂ ಚಿಕ್ಕ ಸಹಿ ಇರಲಿ. ಯಾಕಂತ ಮಾಲೀಕರು ಕೇಳಿದರೆ, ನಮ್ಮಪ್ಪನೂ ಗಂಡಸು, ಬಾಡಿಗೆ ಇಸ್ಕೊಳ್ಳೋಕೆ ಬರೋ ನೀವೂ ಗಂಡಸರೇ ಅಂತ ಹೇಳಿ.