ತೊಂಬತ್ತು ದಿನ ಸಾಲ, ಉಳಿದದ್ದು ವಾಪಸ್

ತುಮಕೂರಿನಲ್ಲಿ ನಮ್ಮದು ಚಿಕ್ಕ ಘಟಕ. ತಿಪಟೂರು ಕೊಬ್ಬರಿ ತಂದು ಚಟ್ನಿಪುಡಿ ಮಾಡುತ್ತೇವೆ. ಹೋದ ವರ್ಷ ಎಂಟು ಅಂಗಡಿ ಇರುವ ಒಬ್ಬ ವ್ಯಾಪಾರಿ ಕರೆದರು. ತಿಂಗಳಿಗೆ 2,000 ಪ್ಯಾಕೆಟ್ ಬೇಕಂತೆ. ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಬಂತು ಷರತ್ತು: 90 ದಿನ ಸಾಲ, ಮಾರಾಟವಾಗದೆ ಉಳಿದದ್ದೆಲ್ಲ ವಾಪಸ್.

ಎಲ್ಲರೂ ಸಾಲದ ದಿನ ಎಣಿಸುತ್ತಾರೆ. ನನಗೆ ಹೆದರಿಕೆ ಇದ್ದದ್ದು ವಾಪಸ್ ಮೇಲೆ. ಪ್ಯಾಕೆಟ್ಟಿಗೆ ನನ್ನ ದರ 100 ರೂಪಾಯಿ, ಖರ್ಚು 75. ಎರಡು ಸಾವಿರಕ್ಕೆ ಲಾಭ 50,000. ಅದರಲ್ಲಿ 500 ಪ್ಯಾಕೆಟ್ ವಾಪಸ್ ಬಂದರೆ ಆ ಲಾಭ ಪೂರ್ತಿ ಹೋಯಿತು. ವಾಪಸ್ ಬಂದದ್ದನ್ನು ಬೇರೆ ಕಡೆ ಮಾರಬಹುದಲ್ವಾ ಅನ್ನಬೇಡಿ. ಕೊಬ್ಬರಿ ಪುಡಿ ಮೂರು ತಿಂಗಳು ಬಾಳಿದರೆ ಹೆಚ್ಚು. ಒಮ್ಮೆ ಬೇರೊಂದು ಅಂಗಡಿಯಿಂದ ಬಂದ ಪ್ಯಾಕೆಟ್ ಒಡೆದು ನೋಡಿದೆ. ಬಿಸಿಲು ಬೀಳೋ ಗಾಜಿನ ಪಕ್ಕ ಇಟ್ಟಿದ್ದರು. ಪುಡಿ ಎಣ್ಣೆ ಬಿಟ್ಟು ಒಳಗೆ ಅಂಟಿತ್ತು, ಕಮಟು ವಾಸನೆ. ಇಟ್ಟವರು ಅವರು, ನಷ್ಟ ನನ್ನದು!

ಸಾಲದ ಲೆಕ್ಕ ಹೀಗೆ. ಮೊದಲ ದುಡ್ಡು ಬರುವ ಮುಂಚೆ ಮೂರು ಲೋಡ್ ಹೋಗಿರುತ್ತದೆ. ನನ್ನ ನಾಲ್ಕೂವರೆ ಲಕ್ಷ ಅವರ ಕಪಾಟಿನಲ್ಲಿ. ಜಿಎಸ್‌ಟಿಯನ್ನು ಮಾತ್ರ ದುಡ್ಡು ಬರಲಿ ಬಿಡಲಿ ಮುಂದಿನ ತಿಂಗಳೇ ಕಟ್ಟಬೇಕು.

ಅವರ ಮಾತಲ್ಲೂ ನ್ಯಾಯ ಇತ್ತು ಅನ್ನಿ. "ನಿಮ್ಮ ಹೆಸರು ಯಾರಿಗೆ ಗೊತ್ತು ಮೇಡಂ? ಓಡದಿದ್ರೆ ನಾನೇನು ಮಾಡ್ಲಿ?" ಅಂದರು. ಅದಕ್ಕೇ ಆರ್ಡರ್ ಚಿಕ್ಕದು ಮಾಡಿ ಅಂದೆ. ಮೊದಲಿಗೆ 800, ಅಂಗಡಿಗೆ ನೂರು. ಓಡಿದಷ್ಟು ಮತ್ತೆ ಕಳಿಸುತ್ತೇನೆ. ವಾಪಸ್ ಬಿಲ್ಲಿನ ಐದು ಪರ್ಸೆಂಟ್ ಒಳಗೆ ಮಾತ್ರ, ಅದೂ ಎಕ್ಸ್‌ಪೈರಿಗೆ ಇನ್ನೂ 45 ದಿನ ಇರುವಾಗಲೇ ಬರಬೇಕು. ಆಗ ನಮ್ಮ ಸಂತೆ ಗಿರಾಕಿಗಳಿಗಾದರೂ ಮಾರಬಹುದು. ಸಾಗಣೆಯಲ್ಲಿ ಒಡೆದಿದ್ದರೆ ಮೂರು ದಿನದಲ್ಲಿ ಫೋಟೋ ಕಳಿಸಲಿ, ಬದಲಿ ಕೊಡುತ್ತೇನೆ. ವಾಪಸ್ಸೇ ಬೇಡ ಅಂದರೆ ಮೂರು ಪರ್ಸೆಂಟ್ ಹೆಚ್ಚು ಕಮಿಷನ್ ಅಂತಲೂ ಹೇಳಿದೆ. ಅದು ಅವರಿಗೆ ಹಿಡಿಸಲಿಲ್ಲ.

ಸಾಲದ ವಿಷಯಕ್ಕೆ ಬಂದಾಗ ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡುವ ನಮ್ಮ ಉದ್ಯಮ್ ಸರ್ಟಿಫಿಕೇಟ್ ಮೇಜಿನ ಮೇಲೆ ಇಟ್ಟೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣ ಘಟಕಗಳಿಗೆ ಮಾಲು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದಲ್ಲಿ 90 ಅಂತ ಒಪ್ಪಿಕೊಂಡರೂ ನಡೆಯಲ್ಲ. ಬರಹವೇ ಇಲ್ಲದಿದ್ದರೆ ಹದಿನೈದೇ ದಿನ. ಕೇಸು ಹಾಕ್ತೀನಿ ಅಂತ ಹೆದರಿಸಲಿಲ್ಲ. ಹಾಗೆ ಹೆದರಿಸಿದರೆ ಎರಡನೇ ಆರ್ಡರ್ ಬರುತ್ತಾ? "ನಿಮ್ಮ ಆಡಿಟರ್‌ನ ಒಂದು ಮಾತು ಕೇಳಿ ಸಾರ್" ಅಂದೆ ಅಷ್ಟೇ. ಗಡುವು ಮೀರಿದ ಬಾಕಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಅವರು ದುಡ್ಡು ಕೊಟ್ಟ ವರ್ಷದಲ್ಲೇ ಖರ್ಚು ಅಂತ ತೋರಿಸಬೇಕು, ಮಾರ್ಚ್ ಕೊನೆಗೆ ಉಳಿದರೆ ಆ ವರ್ಷ ಅವರ ತೆರಿಗೆ ಜಾಸ್ತಿ. ಎರಡು ದಿನ ಬಿಟ್ಟು ಫೋನ್ ಬಂತು, 45ಕ್ಕೆ ಒಪ್ಪಿದರು.

ಮೂರನೇ ಲೋಡ್ ಹೊರಡುವ ಮುಂಚೆ ಮೊದಲನೆಯ ಬಿಲ್ ಚುಕ್ತಾ ಆಗಬೇಕು ಅಂತಲೂ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಂಡೆ. ಮೊದಲ ದುಡ್ಡು 41ನೇ ದಿನ ಬಂತು. ವಾಪಸ್ ಬಂದದ್ದು 22 ಪ್ಯಾಕೆಟ್. ಒಂದನ್ನು ಒಡೆದು ಮೂಸಿದೆ. ಚೆನ್ನಾಗೇ ಇತ್ತು, ಮಧ್ಯಾಹ್ನ ಊಟಕ್ಕೆ ಅದೇ.