ಮೂತ್ರದ ಕಲ್ಚರ್ ನಾರ್ಮಲ್ ಬಂದರೆ ಸಾಲದು

"ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎರಡೂ ನಾರ್ಮಲ್ ಇದ್ದರೆ ಕ್ಲಮೈಡಿಯದ ಚಿಂತೆ ಬೇಡ."

ಇದು ತಪ್ಪು. ಕ್ಲಮೈಡಿಯ ಲೈಂಗಿಕ ಸಂಪರ್ಕದಿಂದ ಹರಡುವ, ಜೀವಕೋಶದ ಒಳಗೆ ಕೂತು ಬೆಳೆಯುವ ಬ್ಯಾಕ್ಟೀರಿಯ; ಲ್ಯಾಬಿನ ಮಾಮೂಲಿ ಕಲ್ಚರ್ ತಟ್ಟೆಯಲ್ಲಿ ಅದು ಬೆಳೆಯುವುದೇ ಇಲ್ಲ. ವಿರಾಜಪೇಟೆ ಕಡೆಯ ತೋಟದಿಂದ ಒಬ್ಬಾಕೆ ಉರಿಮೂತ್ರವೆಂದು ಬಂದರು ಅನ್ನಿ. ಮೊದಲ ಮೂತ್ರ ಬಿಟ್ಟು ನಡುವಿನದನ್ನು ಹಿಡಿದುಕೊಡಿ ಅನ್ನುತ್ತಾರೆ, ಎರಡು ದಿನಕ್ಕೆ 'ಏನೂ ಬೆಳೆದಿಲ್ಲ' ಅಂತ ರಿಪೋರ್ಟ್ ಬರುತ್ತದೆ, ಫೈಲು ಮುಚ್ಚುತ್ತದೆ. ಕ್ಲಮೈಡಿಯಕ್ಕೆ ಬೇಕಾದದ್ದು ರೋಗಾಣುವಿನ ಆನುವಂಶಿಕ ಅಂಶವನ್ನೇ ಹುಡುಕುವ, ಪಿಸಿಆರ್ ಥರದ ನ್ಯಾಟ್ ಪರೀಕ್ಷೆ. ಅದಕ್ಕೆ ಯೋನಿಯ ಸ್ವ್ಯಾಬ್ ಒಳ್ಳೆಯದು, ಆಕೆಯೇ ತೆಗೆದುಕೊಡಬಹುದು. ಮೂತ್ರವೇ ಆದರೆ ವಿಧಾನ ಪೂರ್ತಿ ಉಲ್ಟಾ: ಒಂದು ಗಂಟೆ ತಡೆದಿದ್ದು, ಮೊದಲು ಬರುವ 20–30 ಮಿ.ಲೀ. ಮಾತ್ರ ಹಿಡಿಯಬೇಕು. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ, ಚೀಟಿಯಲ್ಲಿ ಪರೀಕ್ಷೆಯ ಹೆಸರು ಬರೆಸಿಕೊಳ್ಳಿ.

ಇನ್ನು ಸ್ಕ್ಯಾನಿಂಗ್. ಅಂಡನಾಳದ ಒಳಪದರದಲ್ಲಿ ಅಂಡವನ್ನು ಗರ್ಭಕೋಶದತ್ತ ತಳ್ಳುವ ನವಿರು ರೋಮಗಳಿವೆ. ಸೋಂಕು ಮೇಲೇರಿದಾಗ ದೇಹದ ಉರಿಯೂತವೇ ಅವನ್ನು ಹಾಳುಮಾಡಿ, ಪದರಗಳನ್ನು ಅಂಟಿಸಿ, ಕಲೆಗಟ್ಟಿಸುತ್ತದೆ. ನಾಳ ಪೂರ್ತಿ ಮುಚ್ಚದಿದ್ದರೂ ಭ್ರೂಣ ಅಲ್ಲೇ ಸಿಕ್ಕಿಕೊಳ್ಳಬಹುದು. ನಾಳದಲ್ಲಿ ನೀರು ತುಂಬಿ ಊದಿಕೊಂಡ ಹೊರತು ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದು ಕಷ್ಟ.

ನೋವಿಲ್ಲದ ಸೋಂಕಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ, 7 ದಿನ (ಬಸುರಿಯರಿಗೆ ಅಲ್ಲ, ಅವರಿಗೆ ಅಜಿಥ್ರೋಮೈಸಿನ್). ಕಿಬ್ಬೊಟ್ಟೆ ನೋವಿದ್ದು, ಒಳಪರೀಕ್ಷೆಯಲ್ಲಿ ಗರ್ಭಕಂಠ ಅಲುಗಿಸಿದಾಗ ನೋಯುತ್ತಿದ್ದರೆ ರಿಪೋರ್ಟಿಗೆ ಕಾಯದೆ, ಬೇರೆ ಆಂಟಿಬಯೋಟಿಕ್‌ಗಳನ್ನೂ ಸೇರಿಸಿ 14 ದಿನ ಕೊಡುತ್ತಾರೆ. ಗಂಡನಿಗೂ ಮಾತ್ರೆ ಆಗದಿದ್ದರೆ ಸೋಂಕು ವಾಪಸ್ ಬರಬಹುದು. ಮಾತ್ರೆ ಸಾಯಿಸುವುದು ರೋಗಾಣುವನ್ನು. ಆಗಲೇ ಆದ ಕಲೆಯನ್ನು ಅಳಿಸುವುದಿಲ್ಲ.